ಲೆಕ್ಕಕ್ಕುಂಟು, ಆಟಕ್ಕಿಲ್ಲ: ಯೋಧೆಯ ಪಾತ್ರ ಟೊಳ್ಳಾದಾಗ ದೋಷ ಹುಡುಕುವ ಬಗೆ

ಕಾದಂಬರಿಯಲ್ಲೋ ಚಿತ್ರಕಥೆಯಲ್ಲೋ ಒಬ್ಬ ಯೋಧೆ ಇದ್ದಾಳೆ. ಅವಳು ಎಲ್ಲ ಹೊಡೆದಾಟಗಳಲ್ಲೂ ಗೆಲ್ಲುತ್ತಾಳೆ, ಯಾರಿಗೂ ತಲೆಬಾಗುವುದಿಲ್ಲ, ಖಾರವಾಗಿ ಮಾತನಾಡುತ್ತಾಳೆ. ಆದರೂ ಕರಡನ್ನು ಓದಿದವರಿಗೆ ಅವಳ ಬಗ್ಗೆ ಎರಡನೆಯ ವಾಕ್ಯ ಹೊಳೆಯುವುದಿಲ್ಲ. ಬರೆದವರು ಆಗ ಸಾಮಾನ್ಯವಾಗಿ ಅವಳಿಗೆ ಇನ್ನೊಂದು ಕಾಳಗವನ್ನೋ, ಒಂದಿಷ್ಟು ಕಣ್ಣೀರನ್ನೋ, ಕಹಿಯಾದ ಬಾಲ್ಯವನ್ನೋ ಸೇರಿಸುತ್ತಾರೆ. ಇವು ಯಾವುವೂ ಕೆಲಸಕ್ಕೆ ಬಾರದೆ ಹೋಗುವುದಕ್ಕೆ ಕಾರಣ ಇಷ್ಟೇ: ಬಹುತೇಕ ಕರಡುಗಳಲ್ಲಿ ಕೊರತೆಯಿರುವುದು ಅವಳ ಬಲದಲ್ಲೂ ಅಲ್ಲ, ದುಃಖದಲ್ಲೂ ಅಲ್ಲ, ಕಥೆಯ ದಿಕ್ಕನ್ನು ಬದಲಿಸುವ ತೀರ್ಮಾನ ಒಂದೂ ಅವಳ ಕೈಯಲ್ಲಿ ಇಲ್ಲದಿರುವುದೇ ದೋಷದ ಮೂಲ.

ಮುಂದಿನ ಪರೀಕ್ಷೆಗಳಲ್ಲಿ ಸುಲಭವಾದವು ಮೊದಲು ಬರುತ್ತವೆ. ಮೊದಲ ಕೆಲವಕ್ಕೆ ಒಂದು ಪೆನ್ನು ಮತ್ತು ಒಂದು ಸಂಜೆ ಸಾಕು. ನಂತರದ ಕೆಲವಕ್ಕೆ ಅಧ್ಯಾಯಗಳನ್ನೇ ಮತ್ತೆ ಬರೆಯಬೇಕಾಗಬಹುದು. ಆರಂಭಿಸುವ ಮೊದಲು ಕರಡಿನ ಒಂದು ಪ್ರತಿಯನ್ನು ಇದ್ದ ಹಾಗೆಯೇ ತೆಗೆದಿಡಿ. ಒಂದು ಪರೀಕ್ಷೆ ಮುಗಿಯುವವರೆಗೆ ಏನನ್ನೂ ತಿದ್ದಬೇಡಿ, ಏಕೆಂದರೆ ಅರ್ಧ ತಿದ್ದಿದ ಕರಡಿನಲ್ಲಿ ಯಾವ ಬದಲಾವಣೆಯಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ಮಾದರಿಗೆಂದು ಒಂದು ಕರಡನ್ನು ಕಲ್ಪಿಸಿಕೊಳ್ಳೋಣ. ಶತ್ರುಸೈನ್ಯ ಮುತ್ತಿಗೆ ಹಾಕಿರುವ ಒಂದು ಕೋಟೆ, ಇಪ್ಪತ್ತು ಅಧ್ಯಾಯಗಳ ಕಥೆ. ಕೇತಕಿ ಉತ್ತರ ಬಾಗಿಲಿನ ಕಾವಲುಪಡೆಯ ನಾಯಕಿ. ಮೊದಲ ಅಧ್ಯಾಯದಲ್ಲಿ ಅವಳು ಅಭ್ಯಾಸದ ಅಂಗಳದಲ್ಲಿ ಮೂವರು ಗಂಡಸರನ್ನು ಮಣಿಸುತ್ತಾಳೆ. ಮೂರನೆಯದರಲ್ಲಿ ಹೊಸದಾಗಿ ಸೇರಿದ ಸೋಮ ಎಂಬ ಯುವಕನಿಗೆ ಕತ್ತಿವರಸೆ ಕಲಿಸುತ್ತಾಳೆ. ಹತ್ತನೆಯದರಲ್ಲಿ ಗಸ್ತು ತಿರುಗಲು ಹೋಗಿದ್ದ ಸೋಮನನ್ನು ಶತ್ರುಗಳಿಂದ ಬಿಡಿಸಿ ತರುತ್ತಾಳೆ. ಹದಿನೆಂಟನೆಯದರಲ್ಲಿ ಅವಳೇ ಸೆರೆಸಿಕ್ಕುತ್ತಾಳೆ. ಸೋಮ ಅವಳನ್ನು ಬಿಡಿಸುತ್ತಾನೆ ಮತ್ತು ಕೋಟೆಯನ್ನೂ ಉಳಿಸುತ್ತಾನೆ. ಮೇಲುನೋಟಕ್ಕೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಲಕ್ಷಣ: “ಅವಳು ಹೇಗೆ?” ಎಂದು ಕೇಳಿದರೆ “ಚೆನ್ನಾಗಿ ಹೊಡೆದಾಡುತ್ತಾಳೆ” ಎಂಬಲ್ಲಿಗೆ ಮಾತು ನಿಲ್ಲುತ್ತದೆ

ಇದು ಅತ್ಯಂತ ಸುಲಭವಾದ ಪರೀಕ್ಷೆ. ಕರಡು ಓದಿದ ಒಬ್ಬರನ್ನು ಕೂರಿಸಿ, ಪಾತ್ರದ ರೂಪ, ವೃತ್ತಿ ಮತ್ತು ಯುದ್ಧಕೌಶಲ ಈ ಮೂರನ್ನೂ ಬಿಟ್ಟು ಅವಳನ್ನು ಮೂರು ವಾಕ್ಯಗಳಲ್ಲಿ ವರ್ಣಿಸಲು ಹೇಳಿ. ಅದೇ ಕಥೆಯ ಪ್ರಮುಖ ಪುರುಷಪಾತ್ರವನ್ನೂ ಹಾಗೆಯೇ ವರ್ಣಿಸಲು ಕೇಳಿ. ಈ ಎರಡನೆಯ ಕೋರಿಕೆಯನ್ನು ಬಿಡಬಾರದು, ಏಕೆಂದರೆ ಎರಡೂ ಪಾತ್ರಗಳು ಸಪ್ಪೆಯಾಗಿದ್ದರೆ ದೋಷ ಯೋಧೆಯದಲ್ಲ, ಒಟ್ಟಾರೆ ಪಾತ್ರರಚನೆಯದು, ಮತ್ತು ಅದರ ಮದ್ದೇ ಬೇರೆ.

ಮಾದರಿ ಕರಡಿನಲ್ಲಿ ಸೋಮನ ಬಗ್ಗೆ ಓದುಗರು “ಸಾಲಗಾರನಂತೆ ಎಲ್ಲರ ಮುಂದೆ ಹಲ್ಲುಗಿಂಜುತ್ತಾನೆ, ಅಣ್ಣನ ಹೆಸರೆತ್ತಿದರೆ ಮಾತು ಬದಲಿಸುತ್ತಾನೆ, ಸುಳ್ಳು ಹೇಳಿ ಸಿಕ್ಕಿಬಿದ್ದರೆ ನಗುತ್ತಾನೆ” ಎನ್ನುತ್ತಾರೆ. ಕೇತಕಿಯ ಬಗ್ಗೆ “ಧೈರ್ಯವಂತೆ, ಹಠಮಾರಿ, ಯಾರಿಗೂ ಹೆದರುವವಳಲ್ಲ” ಎನ್ನುತ್ತಾರೆ. ಎರಡನೆಯ ಉತ್ತರದಲ್ಲಿ ಮೂರು ಗುಣಗಳಿರುವಂತೆ ತೋರಿದರೂ ಇರುವುದು ಒಂದೇ ಗುಣ, ಮೂರು ವೇಷಗಳಲ್ಲಿ. ಧೈರ್ಯ, ಹಠ, ನಿರ್ಭಯ, ಸ್ವಾಭಿಮಾನ, ಕೋಪ ಇವೆಲ್ಲ ಸಾಲಾಗಿ ಬಂದಾಗ ಅವುಗಳನ್ನು ಒಂದೆಂದೇ ಎಣಿಸಬೇಕು.

ಈ ಲಕ್ಷಣ ಒಂದೇ ಇದ್ದರೆ ದುರಸ್ತಿ ಕಷ್ಟವಲ್ಲ. ಹೊಸ ವಿಶೇಷಣಗಳನ್ನು ಸೇರಿಸುವ ಬದಲು ಅವಳು ತನ್ನ ಕೆಲಸವನ್ನು ಹೇಗೆ ಮಾಡುತ್ತಾಳೆ ಎಂಬುದನ್ನು ಬರೆಯಿರಿ. ಕೇತಕಿ ಬಾಗಿಲಿನ ಕೀಲುಗಳಿಗೆ ಎಣ್ಣೆ ಹಾಕುವ ಕೆಲಸವನ್ನು ಬೇರೆಯವರಿಗೆ ಬಿಡುವುದಿಲ್ಲ. ಕೀಲಿಕೈಯನ್ನು ಉಪನಾಯಕನ ಕೈಗೆ ಕೊಟ್ಟ ಮೇಲೂ ಎರಡು ಬಾರಿ ಎದ್ದು ಹೋಗಿ ಅಗುಳಿ ಮುಟ್ಟಿ ನೋಡುತ್ತಾಳೆ. ಹಿರಿಯರ ಸಭೆಯಲ್ಲಿ ತಾನು ಹೇಳಬೇಕಾದದ್ದನ್ನು ಹೇಳದೆ ಹೊರಗೆ ಬಂದು ಸೈನಿಕರ ಮೇಲೆ ರೇಗುತ್ತಾಳೆ. ಇಲ್ಲಿ ಯಾವ ಗುಣವನ್ನೂ ಹೆಸರಿಸಿಲ್ಲ. ಆದರೂ ಯಾರನ್ನೂ ನಂಬಲಾಗದ, ಮೇಲಿನವರ ಮುಂದೆ ನಾಲಿಗೆ ಏಳದ, ಕೆಲಸದಲ್ಲಿ ಅತಿಯಾದ ಎಚ್ಚರವಿರುವ ಹೆಂಗಸೊಬ್ಬಳು ಕಾಣತೊಡಗುತ್ತಾಳೆ. ಈ ಮೂರರಲ್ಲಿ ಒಂದಾದರೂ ಮುಂದೆ ಅವಳಿಗೇ ತೊಂದರೆ ತರುವಂಥದ್ದಾಗಿರಲಿ.

ಲಕ್ಷಣ: ಅವಳ ಶೌರ್ಯವನ್ನು ಉಳಿದವರು ಬಾಯಿತುಂಬ ಹೊಗಳುತ್ತಾರೆ

ಇತರ ಪಾತ್ರಗಳು ಅವಳನ್ನು ಹೊಗಳುವ ಎಲ್ಲ ಸಂಭಾಷಣೆಗಳನ್ನೂ ಗೆರೆ ಎಳೆದು ಗುರುತಿಸಿ, ಅವನ್ನು ಹೊಡೆದುಹಾಕಿ ಓದಿ. “ಹೆಣ್ಣೆಂದು ಹಗುರವಾಗಿ ತಿಳಿದೆ” ಎಂದು ಸೋತವನು ಒಪ್ಪಿಕೊಳ್ಳುವ ಮಾತೂ ಈ ಲೆಕ್ಕಕ್ಕೆ ಸೇರುತ್ತದೆ. ಅವು ಹೋದ ಮೇಲೂ ಅವಳ ಸಾಮರ್ಥ್ಯ ಓದುಗರಿಗೆ ತಿಳಿಯುವುದಾದರೆ ಆ ಮಾತುಗಳು ಬೇಡವಾಗಿದ್ದವು, ಬಿಟ್ಟುಬಿಡಿ. ತಿಳಿಯದಿದ್ದರೆ ಅವಳ ಸಾಮರ್ಥ್ಯ ಇನ್ನೂ ಕಥೆಯೊಳಗೆ ಬಂದಿಲ್ಲ ಎಂದರ್ಥ. ಅದನ್ನು ತರುವ ದಾರಿ ಮುಂದಿನ ವಿಭಾಗಗಳಲ್ಲಿದೆ.

ಮೂವರನ್ನು ಮಣಿಸುವ ಮೊದಲ ದೃಶ್ಯದ ಬಗ್ಗೆಯೂ ಇಲ್ಲಿಯೇ ಒಂದು ಮಾತು ಹೇಳಬೇಕು. ಅಭ್ಯಾಸದ ಅಂಗಳದಲ್ಲಿ ಸೋತರೆ ಅವಳಿಗೆ ನಷ್ಟವೇನೂ ಇಲ್ಲ, ಗೆದ್ದರೆ ಸಿಗುವುದೂ ಏನಿಲ್ಲ. ಆ ದೃಶ್ಯ ನಡೆಯುವುದು ಓದುಗರ ಮುಂದೆ ಅರ್ಹತಾಪತ್ರ ಹಿಡಿಯಲಿಕ್ಕೆ ಮಾತ್ರ. ಪುರುಷಯೋಧನಿಂದ ಇಂಥ ಪ್ರಮಾಣಪತ್ರವನ್ನು ಕಥೆ ಕೇಳುವುದು ಅಪರೂಪ. ಅವನ ಸೊಂಟದಲ್ಲಿ ಕತ್ತಿಯಿದ್ದರೆ ಬಳಸಲು ಬರುತ್ತದೆ ಎಂದು ಓದುಗರು ತಾವಾಗಿಯೇ ಒಪ್ಪುತ್ತಾರೆ. ಅವಳಿಗೂ ಅಷ್ಟು ಸಲಿಗೆ ಕೊಡಬಹುದು.

ಲಕ್ಷಣ: ಇಡೀ ಕಥೆಯಲ್ಲಿ ಹೆಂಗಸು ಅವಳೊಬ್ಬಳೇ

ಹೆಸರಿರುವ ಪಾತ್ರಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಗಂಡಸರು ಹತ್ತು ಬಗೆಯಲ್ಲಿದ್ದು, ಹೆಂಗಸು ‘ಹೆಂಗಸು’ ಎಂಬ ಒಂದೇ ಬಗೆಯಲ್ಲಿದ್ದರೆ ಆ ಒಬ್ಬಳು ಇಡೀ ಹೆಣ್ಣುಕುಲದ ಪ್ರತಿನಿಧಿಯಾಗಿಬಿಡುತ್ತಾಳೆ. ಆಗ ಅವಳು ಹೇಡಿಯಾದರೆ ಹೆಂಗಸರೇ ಹೇಡಿಗಳೆಂದಂತಾಗುತ್ತದೆ ಎಂದು ಲೇಖಕರು ಅಂಜುತ್ತಾರೆ, ಅವಳನ್ನು ತಪ್ಪು ಮಾಡಲು ಬಿಡುವುದಿಲ್ಲ. ಅಮೆರಿಕದ ಲೇಖಕಿ ಕೇಥಾ ಪಾಲಿಟ್ 1991ರಲ್ಲಿ ಮಕ್ಕಳ ಕಾರ್ಯಕ್ರಮಗಳನ್ನು ಕುರಿತು ಬರೆಯುತ್ತಾ ಇದೇ ವಿನ್ಯಾಸವನ್ನು ಗುರುತಿಸಿದ್ದರು: ಗಂಡಸರ ಗುಂಪೊಂದು, ಅದರ ನಡುವೆ ಹೆಣ್ಣೆಂಬುದೇ ಏಕೈಕ ಗುಣವಾಗಿರುವ ಒಬ್ಬಳು.

ಇಲ್ಲಿ ಹಲವರು ಬೆಕ್ಡೆಲ್ ಪರೀಕ್ಷೆಯನ್ನು ನೆನೆಯುತ್ತಾರೆ. ವ್ಯಂಗ್ಯಚಿತ್ರಕಾರ್ತಿ ಆಲಿಸನ್ ಬೆಕ್ಡೆಲ್ ಅವರ 1985ರ ಒಂದು ಚಿತ್ರಪಟ್ಟಿಯಿಂದ ಅದು ಹುಟ್ಟಿತು: ಇಬ್ಬರು ಹೆಂಗಸರಿರಬೇಕು, ಅವರು ಪರಸ್ಪರ ಮಾತನಾಡಬೇಕು, ಮಾತು ಗಂಡಸೊಬ್ಬನ ವಿಷಯವನ್ನು ಬಿಟ್ಟು ಬೇರೇನಾದರೂ ಆಗಿರಬೇಕು. ಅದು ಒಂದು ಕೃತಿಯ ಜನಸಂಖ್ಯೆಯನ್ನು ಅಳೆಯುತ್ತದೆಯೇ ಹೊರತು ಪಾತ್ರದ ಗುಣವನ್ನಲ್ಲ. ಕೇತಕಿ ಮತ್ತು ಅಡುಗೆಮನೆಯ ಹೆಂಗಸೊಬ್ಬಳು ಬಾಣಗಳ ಲೆಕ್ಕದ ಬಗ್ಗೆ ಎರಡು ಮಾತಾಡಿದರೆ ಪರೀಕ್ಷೆ ಪಾಸಾಗುತ್ತದೆ, ಆದರೆ ಕೇತಕಿ ಇದ್ದಷ್ಟೇ ಟೊಳ್ಳಾಗಿ ಉಳಿಯುತ್ತಾಳೆ. ಆದ್ದರಿಂದ ಇದನ್ನು ಸೂಚನೆಯಾಗಿ ಮಾತ್ರ ಬಳಸಿ.

ಯುದ್ಧದ ಕಥೆಯಲ್ಲಿ ಹೆಚ್ಚು ಹೆಂಗಸರನ್ನು ತಂದರೆ ಅಸಹಜವಾಗುತ್ತದೆ ಎಂಬ ಅಳುಕಿದ್ದವರು ಎರಡನೆಯ ಮಹಾಯುದ್ಧದ ಸೋವಿಯತ್ 588ನೇ ರಾತ್ರಿ ಬಾಂಬರ್ ರೆಜಿಮೆಂಟನ್ನು ನೆನೆಯಬಹುದು. ವಿಮಾನ ಹಾರಿಸುವವರು, ದಾರಿ ಗುರುತಿಸುವವರು, ಯಂತ್ರ ದುರಸ್ತಿ ಮಾಡುವವರು, ಬಾಂಬುಗಳನ್ನು ಹೊತ್ತು ಕಟ್ಟುವವರು ಎಲ್ಲರೂ ಅಲ್ಲಿ ಹೆಂಗಸರೇ. ಯುದ್ಧದ ಕೆಲಸ ಎಷ್ಟು ಬಗೆಯಾಗಿರುತ್ತದೋ ಹೆಂಗಸರೂ ಅಷ್ಟೇ ಬಗೆಯವರಾಗಿರುತ್ತಾರೆ ಎಂಬುದು ಅದರಿಂದ ತೋರುತ್ತದೆ. ಮಾದರಿ ಕರಡಿನಲ್ಲಿ ಉಪನಾಯಕನನ್ನು ಉಪನಾಯಕಿಯಾಗಿಸಿ, ಅವಳಿಗೆ ಕೇತಕಿಯ ಅತಿ ಎಚ್ಚರದ ಬಗ್ಗೆ ತಾಳ್ಮೆಯಿಲ್ಲದಂತೆ ಮಾಡಿದರೆ ಸಾಕು. ಕೇತಕಿಯ ಮೇಲಿದ್ದ ಪ್ರಾತಿನಿಧ್ಯದ ಹೊರೆ ಅರ್ಧ ಇಳಿಯುತ್ತದೆ.

ಲಕ್ಷಣ: ಮೊದಲರ್ಧದಲ್ಲಿ ಮಿಂಚಿದವಳು ಉತ್ತರಾರ್ಧದಲ್ಲಿ ಕಾಣುವುದೇ ಇಲ್ಲ

ಅತಿ ಸಾಮಾನ್ಯವಾದ ಮತ್ತು ಅತಿ ಕಷ್ಟದ ದೋಷ ಇದು. 2014ರಲ್ಲಿ ಚಿತ್ರವಿಮರ್ಶಕಿ ತಾಶಾ ರಾಬಿನ್ಸನ್ ಇದಕ್ಕೆ ‘ದ ಮೇಟ್ರಿಕ್ಸ್’ ಚಿತ್ರದ ಯೋಧೆ ಟ್ರಿನಿಟಿಯ ನೆನಪಿನಲ್ಲಿ ‘ಟ್ರಿನಿಟಿ ಸಿಂಡ್ರೋಮ್’ ಎಂದು ಹೆಸರಿಟ್ಟರು. ನಾಯಕನಿಗಿಂತ ಸಮರ್ಥಳಾಗಿ ಪರಿಚಯವಾಗುವ ಸ್ತ್ರೀಪಾತ್ರ, ನಾಯಕ ಪಳಗಿದ ಮೇಲೆ ಮಾಡಲು ಕೆಲಸವಿಲ್ಲದೆ ಬದಿಗೆ ಸರಿಯುತ್ತದೆ. ಕೊನೆಗೆ ಅವನಿಂದ ಕಾಪಾಡಲ್ಪಡುವುದಕ್ಕೋ ಅವನನ್ನು ಮೆಚ್ಚುವುದಕ್ಕೋ ಮರಳುತ್ತದೆ. ನಮ್ಮ ಕೇತಕಿಗೆ ಆಗಿರುವುದು ಅಕ್ಷರಶಃ ಇದೇ.

ಮೊದಲ ಪರೀಕ್ಷೆ ಅಗ್ಗದ್ದು. ಕಾಮಿಕ್ಸ್ ಲೇಖಕಿ ಕೆಲ್ಲಿ ಸ್ಯೂ ಡಿಕಾನಿಕ್ ಸ್ತ್ರೀಪಾತ್ರಗಳಿಗೆ ಒಂದು ದೀಪದ ಪರೀಕ್ಷೆಯನ್ನು ಸೂಚಿಸಿದ್ದರು: ಅವಳ ಜಾಗದಲ್ಲಿ ಒಂದು ಚೆಂದದ ದೀಪವನ್ನು ಇಟ್ಟರೂ ಕಥೆ ನಡೆಯುವುದಾದರೆ ಮತ್ತೆ ಬರೆಯಿರಿ. ಆದರೆ ಯೋಧೆಯ ವಿಷಯದಲ್ಲಿ ಈ ಪರೀಕ್ಷೆ ಮೋಸ ಮಾಡುತ್ತದೆ. ದೀಪಕ್ಕೆ ಶತ್ರುವನ್ನು ಕೊಲ್ಲಲಾಗುವುದಿಲ್ಲ, ಹೀಗಾಗಿ ಕೊಲ್ಲಬಲ್ಲ ಯಾವ ಪಾತ್ರವಾದರೂ ಇದರಲ್ಲಿ ಸುಲಭವಾಗಿ ಪಾಸಾಗುತ್ತದೆ. ಆದ್ದರಿಂದ ದೀಪದ ಬದಲು ಕತ್ತಿಯನ್ನು ಇಡಿ. ಅವಳನ್ನು ಕಥೆಯಿಂದ ತೆಗೆದು, ನಾಯಕನ ಕೈಗೆ ಇನ್ನೂ ಉತ್ತಮವಾದ ಒಂದು ಆಯುಧವನ್ನೂ ಒಂದಿಷ್ಟು ತರಬೇತಿಯನ್ನೂ ಕೊಟ್ಟರೆ ಯಾವ ಅಧ್ಯಾಯ ಕುಸಿಯುತ್ತದೆ ಎಂದು ನೋಡಿ. ಕೇತಕಿಯ ಕರಡಿನಲ್ಲಿ ಮೂರನೆಯ ಅಧ್ಯಾಯ ಕುಸಿಯುವುದಿಲ್ಲ, ಏಕೆಂದರೆ ಬೇರೆ ಯಾರು ಬೇಕಾದರೂ ಸೋಮನಿಗೆ ಕಲಿಸಬಹುದು. ಹತ್ತನೆಯದೂ ಕುಸಿಯುವುದಿಲ್ಲ, ಏಕೆಂದರೆ ಒಳ್ಳೆಯ ಕತ್ತಿಯಿದ್ದರೆ ಅವನೇ ಹೊಡೆದಾಡಿಕೊಂಡು ಬರುತ್ತಾನೆ. ಹದಿನೆಂಟನೆಯದರಲ್ಲಿ ಅವಳು ಬೇಕಾಗಿರುವುದು ಸೆರೆಸಿಕ್ಕಲು ಮಾತ್ರ. ಇಪ್ಪತ್ತು ಅಧ್ಯಾಯಗಳಲ್ಲಿ ಅವಳು ಸೋಮನ ಆಯುಧವಾಗಿದ್ದಾಳೆ.

ಎರಡನೆಯ ಪರೀಕ್ಷೆಗೆ ಒಂದು ಸಂಜೆ ಬೇಕು. ಹಾಳೆಯನ್ನು ಮೂರು ಕಲಂ ಮಾಡಿ. ಮೊದಲನೆಯದರಲ್ಲಿ ಅವಳು ಪ್ರತಿ ಅಧ್ಯಾಯದಲ್ಲಿ ಏನು ಮಾಡಿದಳು ಎಂದು ಬರೆಯಿರಿ. ಎರಡನೆಯದರಲ್ಲಿ ಅದನ್ನು ಮಾಡುವುದೆಂದು ತೀರ್ಮಾನಿಸಿದವರು ಯಾರು ಎಂದು ಬರೆಯಿರಿ. ಆಜ್ಞೆಯಾಗಿದ್ದರೆ ಆಜ್ಞೆ ಕೊಟ್ಟವರ ಹೆಸರು, ಬೇರೆ ದಾರಿಯೇ ಇಲ್ಲದಿದ್ದರೆ ಒಂದು ಅಡ್ಡಗೆರೆ. ಮೂರನೆಯದರಲ್ಲಿ ಅದರಿಂದ ಮುಂದೆ ಬದಲಾದದ್ದೇನು ಎಂದು ಬರೆಯಿರಿ. ಎರಡು ದಾರಿಗಳಿದ್ದು, ಎರಡರಲ್ಲೂ ಏನಾದರೊಂದನ್ನು ಕಳೆದುಕೊಳ್ಳಬೇಕಾಗಿದ್ದು, ಅವಳೇ ಒಂದನ್ನು ಆರಿಸಿಕೊಂಡದ್ದಾದರೆ ಮಾತ್ರ ಅದು ತೀರ್ಮಾನ. ದಾಳಿ ಮಾಡಿದವನನ್ನು ಎದುರಿಸುವುದು ತೀರ್ಮಾನವಲ್ಲ. ಯಾರೇ ಆದರೂ ಎದುರಿಸುತ್ತಿದ್ದರು.

ಮೊದಲ ಕಲಂ ತುಂಬಿ ತುಳುಕುತ್ತಾ ಎರಡನೆಯದರಲ್ಲಿ ಅವಳ ಹೆಸರೇ ಇಲ್ಲದಿದ್ದರೆ ಅವಳಿಗೆ ಕೌಶಲವಿದೆ, ಅಧಿಕಾರವಿಲ್ಲ ಎಂದರ್ಥ. ಎರಡನೆಯದರಲ್ಲಿ ಹೆಸರಿದ್ದು ಮೂರನೆಯದು ಖಾಲಿಯಿದ್ದರೆ ಅವಳು ತೀರ್ಮಾನಿಸುತ್ತಾಳೆ, ಆದರೆ ಕಥೆ ಅದನ್ನು ಕೇಳಿಸಿಕೊಳ್ಳುವುದಿಲ್ಲ. ಈ ಎರಡನೆಯ ಬಗೆ ಹೆಚ್ಚು ಕಣ್ತಪ್ಪುತ್ತದೆ. ಓದುವಾಗ ಅವಳು ಸ್ವತಂತ್ರಳಾಗಿಯೇ ಕಾಣುತ್ತಾಳೆ, ಪುಸ್ತಕ ಮುಚ್ಚಿದ ಮೇಲೆ ಮಾತ್ರ ಅವಳಿಂದ ಏನೂ ಆಗಲಿಲ್ಲ ಎಂಬುದು ತಿಳಿಯುತ್ತದೆ.

ಇನ್ನು ದುರಸ್ತಿ. ಹೊಸ ಸಾಹಸದೃಶ್ಯವನ್ನು ಸೇರಿಸಬೇಡಿ. ಇರುವ ದೃಶ್ಯವೊಂದನ್ನೇ ತೆಗೆದುಕೊಂಡು ಅದರೊಳಗೆ ಇಕ್ಕಟ್ಟನ್ನು ಇಡಿ. ಕೇತಕಿಯ ಹತ್ತನೆಯ ಅಧ್ಯಾಯವನ್ನು ಹೀಗೆ ತಿದ್ದಬಹುದು. ಹನ್ನೆರಡು ಜನರ ಗಸ್ತುಪಡೆ ರಾತ್ರಿ ಮರಳುತ್ತಿದೆ. ಅದರಲ್ಲಿ ಅವಳ ಉಪನಾಯಕಿಯೂ ಸೋಮನೂ ಇದ್ದಾರೆ. ಅವರ ಬೆನ್ನಿಗೇ ಶತ್ರುವಿನ ಕುದುರೆಪಡೆ ಬರುತ್ತಿದೆ. ಬಾಗಿಲು ತೆರೆದಿಟ್ಟರೆ ಹನ್ನೆರಡೂ ಜನ ಒಳಗೆ ಬರಬಹುದು, ಶತ್ರುವೂ ಬರಬಹುದು. ಅವಳು ಏಳು ಜನ ಒಳಗಾದ ಕೂಡಲೇ ಬಾಗಿಲು ಹಾಕಿಸುತ್ತಾಳೆ. ಹೊರಗುಳಿದ ಐವರಲ್ಲಿ ಉಪನಾಯಕಿ ಸಾಯುತ್ತಾಳೆ. ಸೋಮ ಕಂದಕಕ್ಕೆ ಹಾರಿ, ಮೂರನೆಯ ದಿನ ಬದುಕಿ ಬರುತ್ತಾನೆ. ಈ ಅಧ್ಯಾಯದಲ್ಲಿ ಕೇತಕಿ ಕತ್ತಿಯನ್ನೇ ಹಿರಿಯುವುದಿಲ್ಲ. ಆದರೂ ಇಡೀ ಕಥೆಯಲ್ಲಿ ಅವಳು ಮೊದಲ ಬಾರಿಗೆ ಯೋಧೆಯಾಗಿ ಕಾಣುವುದು ಇಲ್ಲಿಯೇ.

ಈಗ ಮೂರನೆಯ ಕಲಂ ತಾನಾಗಿ ತುಂಬತೊಡಗುತ್ತದೆ. ಕೋಟೆ ಉಳಿದಿದ್ದಕ್ಕೆ ದಳಪತಿ ಅವಳನ್ನು ಎಲ್ಲರೆದುರು ಹೊಗಳುತ್ತಾನೆ. ಸತ್ತವರ ಸಂಗಾತಿಗಳ ಎದುರಿನ ಆ ಹೊಗಳಿಕೆ ಅವಳಿಗೆ ಬೈಗುಳಕ್ಕಿಂತ ಕಷ್ಟವಾಗುತ್ತದೆ. ಮೊದಲೇ ಬರೆದಿಟ್ಟ ಅತಿ ಎಚ್ಚರದ ಸ್ವಭಾವ ಈಗ ಪ್ರಶ್ನೆಯಾಗುತ್ತದೆ: ಇನ್ನೂ ಹತ್ತು ಎಣಿಸುವಷ್ಟು ಹೊತ್ತು ಕಾಯಬಹುದಿತ್ತೇ? ಹದಿನಾಲ್ಕನೆಯ ಅಧ್ಯಾಯದಲ್ಲಿ ಅವಳ ಆಜ್ಞೆಗೆ ಕಾವಲಿನವರು ಒಂದು ಕ್ಷಣ ತಡೆದು ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಹದಿನೆಂಟನೆಯದರಲ್ಲಿ ಹೊರಗೆ ಹೋಗಿ ಶತ್ರುವಿನ ಏಣಿಗಳಿಗೆ ಬೆಂಕಿಯಿಡಬೇಕಾದಾಗ ಯಾರೂ ಅವಳ ಜೊತೆ ಹೊರಡುವುದಿಲ್ಲ, ಏಕೆಂದರೆ ಹಿಂದಿರುಗುವಾಗ ಬಾಗಿಲು ತೆರೆದಿರುತ್ತದೆಯೆಂಬ ನಂಬಿಕೆ ಯಾರಿಗೂ ಉಳಿದಿಲ್ಲ. ಅವಳೊಬ್ಬಳೇ ಹೋಗುತ್ತಾಳೆ, ಸೆರೆಸಿಕ್ಕುತ್ತಾಳೆ.

ಗಮನಿಸಬೇಕಾದದ್ದು ಇದು: ಸೆರೆಸಿಕ್ಕುವ ಘಟನೆ ಮೊದಲ ಕರಡಿನಲ್ಲೂ ಇತ್ತು, ಈಗಲೂ ಇದೆ. ಆಗ ಅದು ಸೋಮನಿಗೆ ಕೆಲಸ ಕೊಡಲು ಲೇಖಕರು ಮಾಡಿದ ಏರ್ಪಾಡಾಗಿತ್ತು, ಈಗ ಹತ್ತನೆಯ ಅಧ್ಯಾಯದ ತೀರ್ಮಾನದ ಫಲವಾಗಿದೆ. ಯೋಧೆಯನ್ನು ಯಾರಾದರೂ ಕಾಪಾಡುವುದೇ ತಪ್ಪು ಎಂಬ ಸೂತ್ರವನ್ನು ಹಿಡಿದವರು ಈ ದೃಶ್ಯವನ್ನೇ ಕಿತ್ತುಹಾಕುತ್ತಿದ್ದರು, ಅದು ಅನಗತ್ಯ. ಸೋಮನ ಪಾತ್ರಕ್ಕೂ ಇದರಿಂದ ಲಾಭವಾಗುತ್ತದೆ: ತನ್ನನ್ನು ಹೊರಗೆ ಬಿಟ್ಟು ಬಾಗಿಲು ಹಾಕಿಸಿದವಳಿಗಾಗಿ ಬಾಗಿಲು ದಾಟಬೇಕೇ ಎಂಬುದು ಈಗ ಅವನ ಇಕ್ಕಟ್ಟು.

ಎಚ್ಚರಿಕೆ: ಅವಳ ತೀರ್ಮಾನ ಸರಿಯಾಗಿತ್ತು ಎಂದು ಮುಂದಿನ ಪುಟದಲ್ಲೇ ಸಾಬೀತು ಮಾಡಲು ಹೋಗಬೇಡಿ. ಸತ್ತ ಉಪನಾಯಕಿ ಶತ್ರುಗಳ ಗೂಢಚಾರಿಣಿಯಾಗಿದ್ದಳು ಎಂದು ಬಯಲಾಗುವ ತಿರುವು ಬರೆಯುವ ಆಸೆ ಹುಟ್ಟುತ್ತದೆ. ಹಾಗೆ ಬರೆದರೆ ಅವಳು ಕಳೆದುಕೊಂಡದ್ದೇನೂ ಇಲ್ಲವಾಗುತ್ತದೆ, ಮೂರನೆಯ ಕಲಂ ಮತ್ತೆ ಖಾಲಿಯಾಗುತ್ತದೆ.

ಲಕ್ಷಣ: ಹೊಡೆದಾಟ ನಂಬುವಂತಿಲ್ಲ ಎಂದು ಓದುಗರು ಹೇಳುತ್ತಾರೆ

ಈ ದೂರಿನ ಹಿಂದೆ ಎರಡು ಕಾರಣಗಳಿರಬಹುದು: ಓದುವವರ ಪೂರ್ವಗ್ರಹ ಅಥವಾ ಬರೆದವರ ಅಜ್ಞಾನ. ಬೇರ್ಪಡಿಸುವುದು ಸುಲಭ. ಅದೇ ದೃಶ್ಯದಲ್ಲಿ ಅವಳ ಹೆಸರಿನ ಬದಲು ಗಂಡಸಿನ ಹೆಸರನ್ನು ಹಾಕಿ, ಇನ್ನೊಬ್ಬರಿಗೆ ಓದಲು ಕೊಡಿ. ದೂರು ಮಾಯವಾದರೆ ದೃಶ್ಯವನ್ನು ಮುಟ್ಟಬೇಡಿ. ಉಳಿದರೆ ವಿವರಗಳನ್ನು ಪರೀಕ್ಷಿಸಿ.

ವಿವರಗಳಲ್ಲಿ ಹೆಚ್ಚು ಕಾಣುವ ತಪ್ಪು, ಕತ್ತಿ ಬಹಳ ಭಾರ, ಆದ್ದರಿಂದ ಹೆಂಗಸಿಗೆ ಬಿಲ್ಲು ಕೊಡೋಣ ಎಂಬ ಲೆಕ್ಕಾಚಾರ. ವಾಸ್ತವ ಇದಕ್ಕೆ ತಿರುಗುಮುರುಗು. ಮಧ್ಯಯುಗದ ಯುರೋಪಿನಲ್ಲಿ ಬಳಕೆಯಲ್ಲಿದ್ದ ಒಂಟಿಕೈ ಕತ್ತಿಗಳು ಸುಮಾರು ಒಂದು ಕಿಲೋ ತೂಗುತ್ತಿದ್ದವು. ಎರಡು ಕೈಗಳಲ್ಲಿ ಹಿಡಿಯುವ ಉದ್ದಗತ್ತಿಗಳೂ ಸಾಮಾನ್ಯವಾಗಿ ಎರಡು ಕಿಲೋ ದಾಟುತ್ತಿರಲಿಲ್ಲ. ಯುದ್ಧದ ಬಿಲ್ಲಿಗೆ ಬೇಕಾದ ಬಲ ಇದಕ್ಕೆ ಹೋಲಿಕೆಯೇ ಅಲ್ಲ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಮೇರಿ ರೋಸ್ ಎಂಬ ಇಂಗ್ಲಿಷ್ ಯುದ್ಧನೌಕೆಯಲ್ಲಿ ನೂರಕ್ಕೂ ಹೆಚ್ಚು ಬಿಲ್ಲುಗಳು ಸಿಕ್ಕಿವೆ. ಅವುಗಳ ಹೆದೆಯನ್ನು ಪೂರ್ತಿ ಎಳೆಯಲು ನೂರು ಪೌಂಡಿಗೂ ಮಿಗಿಲಾದ, ಎಂದರೆ 45 ಕಿಲೋಗೂ ಹೆಚ್ಚಿನ ಸೆಳೆತ ಬೇಕಾಗಿತ್ತು ಎಂಬುದು ತಜ್ಞರ ಅಂದಾಜು. ಇಂಥ ಬಿಲ್ಲನ್ನು ಹಿಡಿಯಲು ವರ್ಷಗಟ್ಟಲೆ ಮೈ ಪಳಗಿಸಬೇಕಾಗುತ್ತಿತ್ತು. ನಿಮ್ಮ ಯೋಧೆಗೆ ಬಿಲ್ಲು ಕೊಡುವುದಾದರೆ ಅವಳ ಬೆನ್ನು, ಭುಜಗಳ ಗಾತ್ರವನ್ನೂ ಕೊಡಿ.

ಕವಚದ ವಿಷಯವೂ ಹೀಗೆಯೇ. ಸ್ತನಗಳ ಆಕಾರಕ್ಕೆ ಎರಡು ಉಬ್ಬುಗಳಾಗಿ ಬಡಿದ ಎದೆಗವಚ ಚಿತ್ರಗಳಲ್ಲಿ ಜನಪ್ರಿಯ. ಆದರೆ ಎದೆಗವಚದ ಗುಟ್ಟಿರುವುದೇ ನಡುವೆ ಉಬ್ಬಿ ಎರಡೂ ಬದಿಗೆ ಇಳಿಜಾರಾಗುವುದರಲ್ಲಿ: ತಾಗಿದ ಮೊನೆ ಜಾರಿ ಮೈಯಿಂದ ಆಚೆ ಹೋಗಬೇಕು. ಎರಡು ಉಬ್ಬುಗಳ ನಡುವೆ ಕಣಿವೆ ಮಾಡಿದರೆ ಜಾರಿದ ಮೊನೆ ನೇರವಾಗಿ ಎದೆಗೂಡಿನ ಮಧ್ಯಕ್ಕೆ ಬರುತ್ತದೆ. ಕಮ್ಮಾರನಿಗೆ ಗೊತ್ತಿರುವ ಈ ಸಂಗತಿ ನಿಮ್ಮ ಯೋಧೆಗೂ ಗೊತ್ತಿರಬೇಕು.

ತನಗಿಂತ ದೊಡ್ಡ ದೇಹದ ಎದುರಾಳಿಯನ್ನು ಅವಳು ಹೇಗೆ ಎದುರಿಸುತ್ತಾಳೆ ಎಂಬ ಪ್ರಶ್ನೆಯನ್ನು ಮರೆಮಾಚುವ ಅಗತ್ಯವೂ ಇಲ್ಲ. ತೂಕ ಮತ್ತು ತೋಳಿನ ಉದ್ದ ನಿಜಕ್ಕೂ ಮುಖ್ಯ, ಗಿಡ್ಡನೆಯ ಗಂಡಸಿಗೂ ಅದೇ ತೊಂದರೆ. ಅನುಭವವಿದ್ದವಳು ಹಿಡಿತಕ್ಕೆ ಸಿಗದೆ ಅಂತರ ಕಾಯುತ್ತಾಳೆ, ಉದ್ದದ ಆಯುಧ ಆರಿಸುತ್ತಾಳೆ, ಒಬ್ಬಳೇ ಹೋಗದೆ ಇಬ್ಬರಾಗಿ ಹೋಗುತ್ತಾಳೆ, ಸಾಧ್ಯವಾದರೆ ಹೊಡೆದಾಟವನ್ನೇ ತಪ್ಪಿಸುತ್ತಾಳೆ. ಈ ಆಯ್ಕೆಗಳನ್ನು ಬರೆದರೆ ಕಾಳಗದಲ್ಲೂ ಅವಳ ತೀರ್ಮಾನಗಳೇ ಕಾಣುತ್ತವೆ.

ಲಕ್ಷಣ: ಹಳೆಯ ಗಾಯವೊಂದೇ ಅವಳ ಎಲ್ಲಕ್ಕೂ ಕಾರಣ

“ಇವಳೇಕೆ ಕತ್ತಿ ಹಿಡಿದಳು?” ಎಂಬ ಪ್ರಶ್ನೆಗೆ ಕರಡಿನಲ್ಲಿರುವ ಉತ್ತರವನ್ನು ನೋಡಿ. ಅತ್ಯಾಚಾರ ಅಥವಾ ಕುಟುಂಬದ ಹತ್ಯೆ ಎಂದಿದ್ದರೆ ನಿಂತು ಯೋಚಿಸಿ. ಗಂಡಸು ಸಂಬಳಕ್ಕಾಗಿ, ಊರು ಬಿಡಲಿಕ್ಕಾಗಿ, ಮನೆತನದ ರೂಢಿಯಿಂದ, ಬೇರೆ ಕೆಲಸ ಬಾರದೆ, ಅಥವಾ ಸುಮ್ಮನೆ ಇಷ್ಟವಾಗಿ ಸೈನ್ಯ ಸೇರಬಹುದಾದರೆ, ಹೆಂಗಸು ಮಾತ್ರ ಮೊದಲು ಮುರಿಯಬೇಕೇಕೆ? ಕೇತಕಿಗೆ ಕಾವಲಿನ ಕೆಲಸ ಇಷ್ಟ, ಅದರಲ್ಲಿ ಅವಳು ನಿಪುಣೆ, ಆ ಹುದ್ದೆಯನ್ನು ಕಳೆದುಕೊಳ್ಳಲು ಅವಳಿಗೆ ಮನಸ್ಸಿಲ್ಲ. ಇಷ್ಟು ಕಾರಣ ಸಾಕು. ಹತ್ತನೆಯ ಅಧ್ಯಾಯದ ತೀರ್ಮಾನಕ್ಕೆ ಇದು ಗಾಯಕ್ಕಿಂತ ಹೆಚ್ಚು ಮುಜುಗರದ ಹಿನ್ನೆಲೆಯನ್ನೂ ಒದಗಿಸುತ್ತದೆ.

ಇದರ ಕನ್ನಡಿ ರೂಪವೂ ಉಂಟು: ಯೋಧೆ ಸಾಯುವುದು ಅಥವಾ ಹಿಂಸೆಗೊಳಗಾಗುವುದು ನಾಯಕನಿಗೆ ರೋಷ ಬರಿಸುವುದಕ್ಕಾಗಿ ಮಾತ್ರ. ಕಾಮಿಕ್ಸ್ ಲೇಖಕಿ ಗೇಲ್ ಸಿಮೋನ್ 1999ರಲ್ಲಿ ಕಾಮಿಕ್ಸ್‌ಗಳಲ್ಲಿ ಹೀಗೆ ಬಲಿಯಾದ ಸ್ತ್ರೀಪಾತ್ರಗಳ ಪಟ್ಟಿಯನ್ನೇ ಪ್ರಕಟಿಸಿದರು. ಅದರಲ್ಲಿ ಮಹಾಶಕ್ತಿಯ ನಾಯಕಿಯರೂ ಇದ್ದರು. ಪರೀಕ್ಷೆ ಸರಳ: ಅವಳ ಸಾವಿನ ನಂತರದ ಪುಟಗಳಲ್ಲಿ ಅವಳು ಅರ್ಧಕ್ಕೆ ಬಿಟ್ಟ ಕೆಲಸದ ಪ್ರಸ್ತಾಪವಿದೆಯೇ, ಅಥವಾ ನಾಯಕನ ದುಃಖ ಮಾತ್ರ ಇದೆಯೇ?

ಸುರಕ್ಷತೆಯ ದೃಷ್ಟಿಯಿಂದ ಒಂದು ಮಾತು. ಲೈಂಗಿಕ ಹಿಂಸೆ ನಿಮ್ಮ ಕಥೆಯ ನಿಜವಾದ ವಸ್ತುವೇ ಆಗಿದ್ದರೆ ಅದನ್ನು ಬರೆಯಿರಿ, ಆದರೆ ಕರಡನ್ನು ಓದಲು ಕೊಡುವ ಮುನ್ನ ಅದರಲ್ಲಿ ಏನಿದೆ ಎಂದು ಓದುವವರಿಗೆ ತಿಳಿಸಿ. ಅಂಥ ಅನುಭವದಿಂದ ಹಾದುಬಂದವರನ್ನು ಅವರಾಗಿ ಮುಂದೆ ಬರದ ಹೊರತು ‘ಸರಿಯಾಗಿದೆಯೇ ನೋಡಿ’ ಎಂದು ಕೇಳಬೇಡಿ.

ಯಾವಾಗ ನಿಲ್ಲಿಸಬೇಕು, ಯಾರ ಸಹಾಯ ಪಡೆಯಬೇಕು

ಎಲ್ಲ ಯೋಧೆಯರಿಗೂ ಈ ಚಿಕಿತ್ಸೆ ಬೇಕಿಲ್ಲ. ಎರಡು ದೃಶ್ಯಗಳಲ್ಲಿ ಬಂದುಹೋಗುವ ಕಾವಲಿನವಳು ಮೂರು ಕಲಂಗಳನ್ನು ತುಂಬಬೇಕಾಗಿಲ್ಲ. ಅಷ್ಟೇ ಜಾಗವಿರುವ ಕಾವಲಿನವನು ಎಷ್ಟು ಜೀವಂತನೋ ಅವಳೂ ಅಷ್ಟಿದ್ದರೆ ಸಾಕು. ಮಾತು ಕಡಿಮೆಯಿರುವುದು, ಕಟುವಾಗಿರುವುದು, ಅಲಂಕಾರಪ್ರಿಯಳಾಗಿರುವುದು, ತಾಯಿಯಾಗಿರುವುದು, ಪ್ರೀತಿಸುವುದು ಇವು ಯಾವುವೂ ದೋಷದ ಲಕ್ಷಣಗಳಲ್ಲ. ಇವನ್ನು ಕಂಡು ದುರಸ್ತಿಗೆ ಇಳಿಯಬೇಡಿ. ತಿದ್ದುವ ಭರದಲ್ಲಿ ಅವಳಿಗೆ ಎಡವುವ ಅಭ್ಯಾಸವನ್ನೋ ಕತ್ತಲೆಯ ಭಯವನ್ನೋ ಅಂಟಿಸುವುದೂ ವ್ಯರ್ಥ. ಕಥೆಯಲ್ಲಿ ಏನನ್ನೂ ಕೆಡಿಸದ ದೌರ್ಬಲ್ಯ ಒಡವೆಯಂತೆ ಹೊರಗೇ ಉಳಿಯುತ್ತದೆ.

ಕಾಳಗದ ವಿವರಗಳಲ್ಲಿ ಸಂದೇಹವಿದ್ದರೆ ಕತ್ತಿವರಸೆ ಅಥವಾ ಕುಸ್ತಿ ಅಭ್ಯಾಸ ಮಾಡುವ ಹೆಂಗಸರೊಬ್ಬರಿಗೆ ಆ ದೃಶ್ಯವನ್ನು ಮಾತ್ರ ಕೊಟ್ಟು, ಎಲ್ಲಿ ಕಾಲಿನ ನೆಲೆ ತಪ್ಪಿದೆ, ಎಲ್ಲಿ ಉಸಿರು ಸಾಲುವುದಿಲ್ಲ ಎಂದು ಕೇಳಿ. ಸೇನೆಯಲ್ಲಿ ಇದ್ದವರಾದರೆ ಆಜ್ಞೆಗಳು ಹೇಗೆ ಇಳಿದುಬರುತ್ತವೆ, ತಪ್ಪಾದಾಗ ಯಾರು ಉತ್ತರಿಸಬೇಕಾಗುತ್ತದೆ ಎಂಬುದನ್ನು ಹೇಳಬಲ್ಲರು. ಇಕ್ಕಟ್ಟು ಹುಟ್ಟುವುದು ಬಹುಪಾಲು ಅಲ್ಲಿಯೇ. “ಪಾತ್ರ ಚೆನ್ನಾಗಿದೆಯೇ?” ಎಂದು ಯಾರನ್ನೂ ಕೇಳಬೇಡಿ, ಸೌಜನ್ಯದ ಉತ್ತರ ಬರುತ್ತದೆ. “ಅವಳು ಬಾಗಿಲು ಹಾಕಿಸಿದ್ದು ಸರಿಯೇ?” ಎಂದು ಕೇಳಿ. ಓದಿದ ಇಬ್ಬರು ಆ ವಿಷಯದಲ್ಲಿ ಜಗಳವಾಡಿದರೆ ದುರಸ್ತಿ ಹಿಡಿದಿದೆ.

ಎರಡು ಬಾರಿ ತಿದ್ದಿದ ಮೇಲೂ ಎರಡನೆಯ ಕಲಂನಲ್ಲಿ ಅವಳ ಹೆಸರು ನಿಲ್ಲುತ್ತಿಲ್ಲವೆಂದರೆ ದೋಷ ಪಾತ್ರದಲ್ಲಿಲ್ಲ, ಕಥೆಯ ಹಂದರದಲ್ಲಿದೆ: ಮುಖ್ಯವಾದ ಆಯ್ಕೆಗಳೆಲ್ಲ ಸೋಮನಿಗಾಗಿಯೇ ಮೀಸಲಾಗಿವೆ. ಆಗ ಅವಳನ್ನು ತಿದ್ದುವುದನ್ನು ನಿಲ್ಲಿಸಿ, ಕಥೆಯ ಸಾರಾಂಶವನ್ನು ಅವಳ ಕಡೆಯಿಂದ ಒಂದು ಪುಟದಲ್ಲಿ ಬರೆದು ನೋಡಿ. ಆ ಪುಟ ಮೂಲ ಸಾರಾಂಶಕ್ಕಿಂತ ಕುತೂಹಲಕರವಾಗಿದ್ದರೆ ಕಾದಂಬರಿಯನ್ನು ಅಲ್ಲಿಂದಲೇ ಮತ್ತೆ ಕಟ್ಟಬೇಕಾಗುತ್ತದೆ. ಒಂದು ಪುಟವೂ ತುಂಬದಿದ್ದರೆ ಅವಳನ್ನು ಚಿಕ್ಕ ಪಾತ್ರವಾಗಿಯೇ ಇರಿಸಿ, ಮೊದಲ ಅಧ್ಯಾಯದ ಮೂವರ ಸೋಲನ್ನು ತೆಗೆದುಹಾಕಿ. ಕಥೆ ಈಡೇರಿಸಲಾಗದ ಭರವಸೆಯನ್ನು ಓದುಗರಿಗೆ ಕೊಡುತ್ತಿರುವುದು ಆ ದೃಶ್ಯವೇ.